ಗಾಲಿಕುರ್ಚಿ ಸಹಿತ ಮಕ್ಕಳ ನೃತ್ಯ

ಗಾಲಿಕುರ್ಚಿ ಬಳಸುವ ಮಕ್ಕಳೂ ನಡೆಯುವ ಮಕ್ಕಳೂ ಒಂದೇ ವೃತ್ತದಲ್ಲಿ ಕುಣಿಯುವ, ಪ್ರತಿ ಮಗುವೂ ತನ್ನದೊಂದು ಹೆಜ್ಜೆ ಅಥವಾ ಲಯ ಕೊಡುವ ನೃತ್ಯಕ್ರಮ. ಬೆಂಗಳೂರು ಮೂಲದ ಗುರು ಸೈಯದ್ ಸಲ್ಲಾವುದ್ದೀನ್ ಪಾಷಾ ಅವರು ಎಬಿಲಿಟಿ ಅನ್‌ಲಿಮಿಟೆಡ್ ತಂಡದೊಂದಿಗೆ ಗಾಲಿಕುರ್ಚಿಯ ಮೇಲಿನ ಭರತನಾಟ್ಯವನ್ನು ವೇದಿಕೆಗೆ ತಂದರು. ಹಳಿಯಾಳ, ಮುಂಡಗೋಡ ಭಾಗದ ಮಕ್ಕಳಿಗೆ ಸಿದ್ದಿಯರ ಡಮಾಮಿ ವಾದ್ಯದ ಬಡಿತ ಲಯಕ್ಕೆ ಹತ್ತಿರದ ಆಧಾರವಾಗಬಲ್ಲದು.

ಒಂದು ಮಗು ನಾಲ್ಕು ಎಣಿಕೆಯ ಚಲನೆ ತೋರಿಸುತ್ತದೆ, ಉಳಿದವರು ಅದನ್ನು ತಮ್ಮ ದೇಹಕ್ಕೆ ಒಗ್ಗಿಸಿ ಮರಳಿಸುತ್ತಾರೆ. ಕುರ್ಚಿಯ ಮಗು ಎರಡು ಎಣಿಕೆ ಮುಂದೆ ಸಾಗಿ ಎರಡು ಎಣಿಕೆ ಹಿಂದೆ ಬಂದಿತೆನ್ನಿ. ನಡೆಯುವವರಿಗೆ ಇದು ಸುಲಭ. ಆದರೆ ದಿಕ್ಕು ಬದಲಾದಾಗ ಕುರ್ಚಿಯ ಮುಂದಿನ ಸಣ್ಣ ಚಕ್ರಗಳು ತಿರುಗಿ ನಿಲ್ಲಬೇಕು. ಆಗ ಕುರ್ಚಿ ಪಕ್ಕಕ್ಕೆ ಜಗ್ಗಿ ಲಯ ತಪ್ಪುತ್ತದೆ. ನಡುವೆ ಒಂದು ಎಣಿಕೆ ಬಿಟ್ಟು ಅಲ್ಲಿ ಚಪ್ಪಾಳೆ ಸೇರಿಸಿದರೆ ಐದೆಣಿಕೆಯ ಹೊಸ ಲಯವೇ ಹುಟ್ಟುತ್ತದೆ. ಅದನ್ನು ಎಲ್ಲರೂ ಕಲಿಯುತ್ತಾರೆ. ಇದೇ ಈ ಕ್ರಮದ ಜೀವಾಳ.

ಒಂದು ಗಾಲಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಳ್ಳಿದರೆ ಕುರ್ಚಿ ನಿಂತಲ್ಲೇ ಸುತ್ತುತ್ತದೆ. ಜಲ್ಲಿ, ಮಳೆಗಾಲದ ಕೆಸರು ಇದಕ್ಕೆ ಒಗ್ಗವು. ಸಮತಟ್ಟಾದ ಗಟ್ಟಿ ನೆಲ ಬೇಕು. ಮಗುವಿನ ಅನುಮತಿಯಿಲ್ಲದೆ ಹಿಂದಿನಿಂದ ಕುರ್ಚಿ ತಳ್ಳಿದರೆ ಹೆಜ್ಜೆ ಮಗುವಿನದಾಗಿ ಉಳಿಯುವುದಿಲ್ಲ.