ಬಾಲನ್ಯಾಯ ಮತ್ತು ಹದಿಹರೆಯದ ಮನೋವಿಕಾಸ

ಬಾಲನ್ಯಾಯವು 18 ವರ್ಷ ತುಂಬದವರು ಅಪರಾಧ ಎಸಗಿದಾಗ ಅಥವಾ ಅಂತಹ ಆರೋಪಕ್ಕೆ ಗುರಿಯಾದಾಗ ಅನುಸರಿಸುವ ಪ್ರತ್ಯೇಕ ನ್ಯಾಯಕ್ರಮವಾಗಿದೆ. ಇದರಲ್ಲಿ ವಿಚಾರಣೆಯ ಸ್ಥಳ, ವಿಧಾನ, ಭಾಷೆ, ಪರಿಣಾಮ ಎಲ್ಲವೂ ವಯಸ್ಕರ ಕ್ರಮಕ್ಕಿಂತ ಭಿನ್ನವಾಗಿರುತ್ತವೆ. ಈ ಭೇದಕ್ಕೆ ಮೊದಲು ಆಧಾರವಾಗಿದ್ದುದು ಮಕ್ಕಳ ಮೇಲಿನ ಕರುಣೆ ಮತ್ತು ಅವರು ತಿದ್ದಿಕೊಳ್ಳಬಲ್ಲರೆಂಬ ನಂಬಿಕೆ. ಕಳೆದ ಮೂರು ದಶಕಗಳಲ್ಲಿ ಹದಿಹರೆಯದವರ ಮನಸ್ಸು ಮತ್ತು ಮಿದುಳಿನ ಅಧ್ಯಯನಗಳು ಇದಕ್ಕೆ ಮತ್ತೊಂದು ಆಧಾರವನ್ನು ಒದಗಿಸಿವೆ. ಭಾರತದಲ್ಲಿ 2015ರ ಕಾಯ್ದೆಯು 16ರಿಂದ 18 ವರ್ಷದೊಳಗಿನವರನ್ನು ಕೆಲವು ಸಂದರ್ಭಗಳಲ್ಲಿ ವಯಸ್ಕರಂತೆ ವಿಚಾರಣೆಗೊಳಪಡಿಸಲು ಅವಕಾಶ ನೀಡಿದ ನಂತರ, ಈ ವಿಜ್ಞಾನ ಮತ್ತು ಕಾನೂನಿನ ಸಂಬಂಧವು ಮುಖ್ಯ ಚರ್ಚೆಯ ವಿಷಯವಾಗಿದೆ.

## ಹಿನ್ನೆಲೆ

ಮಕ್ಕಳಿಗೆಂದೇ ಮೀಸಲಾದ ಮೊದಲ ನ್ಯಾಯಾಲಯವು 1899ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಆರಂಭವಾಯಿತು. ಮಗು ಮಾಡಿದ ಕೃತ್ಯಕ್ಕಿಂತ, ಅದು ಆ ಸ್ಥಿತಿಗೆ ಏಕೆ ಬಂದಿತು ಮತ್ತು ಮುಂದೆ ಅದಕ್ಕೆ ಏನು ಬೇಕು ಎಂಬುದನ್ನು ನ್ಯಾಯಾಧೀಶರು ಕೇಳಬೇಕು ಎಂಬುದು ಅದರ ಮೂಲ ತತ್ವವಾಗಿತ್ತು.

ಭಾರತದಲ್ಲಿ 1860ರ ದಂಡ ಸಂಹಿತೆಯೇ ವಯಸ್ಸಿಗೂ ಹೊಣೆಗಾರಿಕೆಗೂ ಇರುವ ಸಂಬಂಧವನ್ನು ಒಪ್ಪಿಕೊಂಡಿತ್ತು. ಅದರಂತೆ ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ. ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತನ್ನ ಕೃತ್ಯದ ಸ್ವರೂಪ ಮತ್ತು ಪರಿಣಾಮವನ್ನು ಅರಿಯುವಷ್ಟು ತಿಳಿವಳಿಕೆ ಇಲ್ಲದಿದ್ದಲ್ಲಿ ಆಗಲೂ ಅಪರಾಧವಲ್ಲ. 1986ರ ಬಾಲನ್ಯಾಯ ಕಾಯ್ದೆಯಲ್ಲಿ ವಯೋಮಿತಿಯು ಹುಡುಗರಿಗೆ 16, ಹುಡುಗಿಯರಿಗೆ 18 ಆಗಿತ್ತು. ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲಿ ಒಪ್ಪಿಕೊಂಡಿತು. ಬಳಿಕ ಬಂದ 2000ದ ಕಾಯ್ದೆಯು ಇಬ್ಬರಿಗೂ 18 ವರ್ಷವೆಂದು ನಿಗದಿಪಡಿಸಿತು. ಆ ಕಾಯ್ದೆಯಡಿ ಅಪರಾಧ ಯಾವುದೇ ಇರಲಿ, ವಿಶೇಷ ಗೃಹದಲ್ಲಿ ಇರಿಸುವ ಗರಿಷ್ಠ ಅವಧಿ ಮೂರು ವರ್ಷವಾಗಿತ್ತು.

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಯ ಪ್ರಕರಣದ ಆರು ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವು ತಿಂಗಳು ಬಾಕಿ ಇತ್ತು. ಅವನಿಗೆ ಮೂರು ವರ್ಷಗಳ ವಿಶೇಷ ಗೃಹವಾಸವಷ್ಟೇ ವಿಧಿಸಲ್ಪಟ್ಟಾಗ ದೇಶದಾದ್ಯಂತ ಆಕ್ರೋಶ ವ್ಯಕ್ತವಾಯಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು ವಯೋಮಿತಿಯನ್ನು ಇಳಿಸುವುದನ್ನು ಒಪ್ಪಲಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2013ರಲ್ಲಿ ಅಂತಹ ಕೋರಿಕೆಯನ್ನು ನಿರಾಕರಿಸಿತು. ಆದರೆ ಸಂಸತ್ತು ಮಧ್ಯದ ಹಾದಿಯೊಂದನ್ನು ಆರಿಸಿಕೊಂಡಿತು. ವಯೋಮಿತಿಯನ್ನು 18ರಲ್ಲೇ ಉಳಿಸಿ, 16 ತುಂಬಿದವರು ಘೋರ ಅಪರಾಧ ಎಸಗಿದ್ದರೆ ಅವರ ಬಗ್ಗೆ ಪ್ರತ್ಯೇಕವಾಗಿ ಪರಿಶೀಲಿಸುವ ಕ್ರಮವನ್ನು ತಂದಿತು. ಈ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಜಾರಿಗೆ ಬಂದದ್ದು 2016ರ ಜನವರಿ 15ರಂದು.

## ಮನೋವಿಕಾಸದ ವಿಜ್ಞಾನ

ಹದಿಹರೆಯದವರು ಮತ್ತು ವಯಸ್ಕರ ನಡುವಿನ ವ್ಯತ್ಯಾಸವನ್ನು ಬುದ್ಧಿಯ ಕೊರತೆಯೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಶಾಂತ ವಾತಾವರಣದಲ್ಲಿ, ಸಮಯ ಕೊಟ್ಟು, ಒಂಟಿಯಾಗಿ ಕೂರಿಸಿ ಕೇಳಿದರೆ ಹದಿನಾರರ ಹುಡುಗನು ಸರಿ ತಪ್ಪುಗಳನ್ನೂ ಪರಿಣಾಮಗಳನ್ನೂ ವಯಸ್ಕನಷ್ಟೇ ಚೆನ್ನಾಗಿ ವಿವರಿಸಬಲ್ಲನು. ತಡವಾಗಿ ಬೆಳೆಯುವುದು ಮತ್ತೊಂದು ಸಾಮರ್ಥ್ಯ. ಉದ್ವೇಗದ ಕ್ಷಣದಲ್ಲಿ ತನ್ನನ್ನು ತಡೆದುಕೊಳ್ಳುವುದು, ಗೆಳೆಯರ ಒತ್ತಡಕ್ಕೆ ಮಣಿಯದಿರುವುದು, ಕೈಗೆ ಸಿಗುವ ಲಾಭಕ್ಕಿಂತ ಮುಂದಿನ ಹಾನಿಯನ್ನು ದೊಡ್ಡದಾಗಿ ಕಾಣುವುದು ಇದರಲ್ಲಿ ಸೇರಿವೆ. ಮನೋವಿಜ್ಞಾನಿಗಳು ಮೊದಲನೆಯದನ್ನು ಬೌದ್ಧಿಕ ಸಾಮರ್ಥ್ಯವೆಂದೂ ಎರಡನೆಯದನ್ನು ಮನೋಸಾಮಾಜಿಕ ಪಕ್ವತೆಯೆಂದೂ ಕರೆಯುತ್ತಾರೆ.

ಭಾರತವೂ ಸೇರಿದಂತೆ 11 ದೇಶಗಳಲ್ಲಿ 10ರಿಂದ 30 ವರ್ಷದವರ ಮೇಲೆ ನಡೆದ ಒಂದು ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಬೌದ್ಧಿಕ ಸಾಮರ್ಥ್ಯವು ಸುಮಾರು 16ನೆಯ ವಯಸ್ಸಿಗೆ ವಯಸ್ಕರ ಮಟ್ಟವನ್ನು ಮುಟ್ಟುತ್ತದೆ, ಮನೋಸಾಮಾಜಿಕ ಪಕ್ವತೆಯಾದರೋ 18 ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ ಎಂದು ಅದು ತೋರಿಸಿತು. ಇವೆರಡರ ನಡುವಿನ ಅಂತರವನ್ನು ‘ಪಕ್ವತೆಯ ಅಂತರ’ ಎನ್ನುತ್ತಾರೆ.

ಮಿದುಳಿನ ಬೆಳವಣಿಗೆಯೂ ಇದಕ್ಕೆ ಹೊಂದಿಕೊಳ್ಳುತ್ತದೆ. ಪ್ರೌಢಾವಸ್ಥೆಯ ಆರಂಭದಲ್ಲೇ ಸುಖ ಮತ್ತು ಬಹುಮಾನಗಳಿಗೆ ಸ್ಪಂದಿಸುವ ಒಳಭಾಗದ ವ್ಯವಸ್ಥೆ ತೀವ್ರವಾಗಿ ಚುರುಕಾಗುತ್ತದೆ. ಯೋಜನೆ ಮತ್ತು ಸಂಯಮಕ್ಕೆ ಸಂಬಂಧಿಸಿದ, ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಭಾಗ ಮತ್ತು ಅದರ ಸಂಪರ್ಕಗಳು ಇಪ್ಪತ್ತರ ದಶಕದವರೆಗೂ ಬೆಳೆಯುತ್ತಿರುತ್ತವೆ.

ಗೆಳೆಯರ ಪ್ರಭಾವವನ್ನು ಅಳೆದ ಒಂದು ಪ್ರಯೋಗವು ಪ್ರಸಿದ್ಧವಾಗಿದೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಅದನ್ನು ಪ್ರಕಟಿಸಿದರು. ಭಾಗವಹಿಸಿದವರು ಗಣಕದ ಪರದೆಯ ಮೇಲೆ ಕಾರು ಓಡಿಸಬೇಕಿತ್ತು. ಹಳದಿ ದೀಪ ಬಂದ ಮೇಲೂ ಮುಂದೆ ಹೋದಷ್ಟು ಅಂಕ ಹೆಚ್ಚು, ಆದರೆ ಅಪಘಾತವಾದರೆ ಅಂಕ ನಷ್ಟ. ಒಬ್ಬರೇ ಆಡಿದಾಗ ಹದಿಹರೆಯದವರು ಮತ್ತು ವಯಸ್ಕರ ನಡುವೆ ಹೆಚ್ಚಿನ ಅಂತರ ಕಾಣಲಿಲ್ಲ. ಪಕ್ಕದಲ್ಲಿ ಓರಗೆಯವರನ್ನು ಕೂರಿಸಿದಾಗ 13ರಿಂದ 16 ವರ್ಷದವರ ಅಪಾಯದ ಓಟ ಬಹಳ ಹೆಚ್ಚಿತು. 24 ದಾಟಿದವರ ಆಟದಲ್ಲಿ ಬದಲಾವಣೆ ಆಗಲಿಲ್ಲ. ಹದಿಹರೆಯದ ಅಪರಾಧಗಳು ಹೆಚ್ಚಾಗಿ ಗುಂಪಿನಲ್ಲಿ ನಡೆಯುವುದಕ್ಕೆ ಇದು ಒಂದು ವಿವರಣೆ.

ಮೂರನೆಯ ಅಂಶ ವ್ಯಕ್ತಿತ್ವದ ಅಸ್ಥಿರತೆ. ಹದಿಹರೆಯದ ಕೊನೆಯಲ್ಲಿ ಅಪರಾಧ ಪ್ರವೃತ್ತಿ ಶಿಖರಕ್ಕೇರಿ ಬಳಿಕ ಇಳಿಯುತ್ತದೆ. 1993ರಲ್ಲಿ ಮನೋವಿಜ್ಞಾನಿ ಟೆರ್ರಿ ಮೊಫಿಟ್, ಹದಿಹರೆಯಕ್ಕೆ ಸೀಮಿತವಾದ ತಪ್ಪುದಾರಿಯನ್ನು ಜೀವನಪೂರ್ತಿ ಮುಂದುವರಿಯುವ ಪ್ರವೃತ್ತಿಯಿಂದ ಬೇರ್ಪಡಿಸಿದರು. ಬಹುಪಾಲು ಕಿಶೋರರು ಮೊದಲ ಗುಂಪಿಗೆ ಸೇರಿದವರು. ಹದಿನೇಳರಲ್ಲಿ ಎಸಗಿದ ಕೃತ್ಯವನ್ನು ನೋಡಿ, ಆ ವ್ಯಕ್ತಿಯ ಸ್ವಭಾವವೇ ಹಾಗೆಂದು ನಿರ್ಣಯಿಸುವುದು ಈ ಕಾರಣದಿಂದ ಕಷ್ಟ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2005ರ ರೋಪರ್ ವಿರುದ್ಧ ಸಿಮನ್ಸ್ ತೀರ್ಪಿನಲ್ಲಿ 18ಕ್ಕಿಂತ ಮೊದಲು ಎಸಗಿದ ಅಪರಾಧಕ್ಕೆ ಮರಣದಂಡನೆಯನ್ನು ರದ್ದುಗೊಳಿಸಿತು. ಅಪಕ್ವತೆ, ಹೊರಗಿನ ಒತ್ತಡಕ್ಕೆ ಸುಲಭವಾಗಿ ಒಳಗಾಗುವಿಕೆ, ಇನ್ನೂ ರೂಪುಗೊಳ್ಳದ ವ್ಯಕ್ತಿತ್ವ ಎಂಬ ಮೂರು ಕಾರಣಗಳನ್ನು ಆಗ ಅದು ನೀಡಿತು. ತೀರ್ಪು ಐದಕ್ಕೆ ನಾಲ್ಕು ಮತಗಳದ್ದಾಗಿತ್ತು.

## ಭಾರತದ ಕಾಯ್ದೆಯ ಕ್ರಮ

ಪ್ರಕರಣವು ಮೊದಲು ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಅದರಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಸಮಾಜ ಕಾರ್ಯಕರ್ತರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವಯಸ್ಸಿನ ಬಗ್ಗೆ ಸಂಶಯವಿದ್ದರೆ ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರವನ್ನು ನೋಡಲಾಗುತ್ತದೆ. ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆಯ ಬೆಳವಣಿಗೆಯ ವೈದ್ಯಕೀಯ ಪರೀಕ್ಷೆ.

ಕಾಯ್ದೆಯು ಅಪರಾಧಗಳನ್ನು ಸಣ್ಣ, ಗಂಭೀರ, ಘೋರ ಎಂದು ಮೂರಾಗಿ ವಿಂಗಡಿಸುತ್ತದೆ. ಕನಿಷ್ಠ ಏಳು ವರ್ಷ ಅಥವಾ ಹೆಚ್ಚಿನ ಕಾರಾಗೃಹವಾಸ ವಿಧಿಸುವಂಥದ್ದು ಘೋರ ಅಪರಾಧ. ಇಂತಹ ಆರೋಪವಿರುವ 16 ತುಂಬಿದವರ ವಿಷಯದಲ್ಲಿ 15ನೆಯ ಕಲಮಿನಡಿ ಮಂಡಳಿಯು ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು. ಕೃತ್ಯವನ್ನು ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಅದರ ಪರಿಣಾಮಗಳನ್ನು ಅರಿಯುವ ಶಕ್ತಿ, ಕೃತ್ಯ ನಡೆದ ಸನ್ನಿವೇಶ ಇವುಗಳನ್ನು ಪರಿಶೀಲಿಸಬೇಕು. ಇದು ವಿಚಾರಣೆಯಲ್ಲವೆಂದು ಕಾಯ್ದೆಯೇ ಸ್ಪಷ್ಟಪಡಿಸಿದೆ. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ಮೂರು ತಿಂಗಳಲ್ಲಿ ಇದು ಮುಗಿಯಬೇಕು.

ನಂತರ ಮಂಡಳಿಯು ಪ್ರಕರಣವನ್ನು ತಾನೇ ಇತ್ಯರ್ಥಗೊಳಿಸಬಹುದು, ಇಲ್ಲವೇ ವಯಸ್ಕರಂತೆ ವಿಚಾರಣೆ ಅಗತ್ಯವೆಂದು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಮಂಡಳಿಯಲ್ಲೇ ಉಳಿದರೆ ಎಚ್ಚರಿಕೆ, ಆಪ್ತಸಮಾಲೋಚನೆ, ಸಮುದಾಯ ಸೇವೆ, ಅತಿ ಹೆಚ್ಚೆಂದರೆ ಮೂರು ವರ್ಷದ ವಿಶೇಷ ಗೃಹವಾಸದಂತಹ ಆದೇಶಗಳು ಬರುತ್ತವೆ. ಮಕ್ಕಳ ನ್ಯಾಯಾಲಯಕ್ಕೆ ಹೋದರೆ ದೀರ್ಘ ಶಿಕ್ಷೆ ಸಾಧ್ಯ. ಆಗಲೂ 21 ತುಂಬುವವರೆಗೆ ಜೈಲಿಗೆ ಕಳುಹಿಸುವಂತಿಲ್ಲ. ಆ ವಯಸ್ಸಿನಲ್ಲಿ ಸುಧಾರಣೆಯನ್ನು ಅಳೆದು, ಬಿಡುಗಡೆಯೋ ಜೈಲೋ ಎಂದು ನಿರ್ಧರಿಸಲಾಗುತ್ತದೆ. ಮರಣದಂಡನೆಯನ್ನಾಗಲಿ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯನ್ನಾಗಲಿ ವಿಧಿಸುವಂತಿಲ್ಲ.

## ಮೌಲ್ಯಮಾಪನದ ಸಮಸ್ಯೆ

ಒಂದು ಕಾಲ್ಪನಿಕ ಉದಾಹರಣೆಯಿಂದ ಸಮಸ್ಯೆಯನ್ನು ಅರಿಯಬಹುದು. ಹದಿನೇಳರ ಹುಡುಗನೊಬ್ಬ ಮೂವರು ಗೆಳೆಯರೊಡನೆ ರಾತ್ರಿ ದಾರಿಹೋಕನೊಬ್ಬನನ್ನು ಸುಲಿಗೆ ಮಾಡುವಾಗ ಚಾಕು ಬೀಸಿ ಗಾಯಗೊಳಿಸಿದನೆಂದು ಭಾವಿಸೋಣ. ಮಾರಕಾಯುಧ ಬಳಸಿದ ಸುಲಿಗೆಗೆ ಕನಿಷ್ಠ ಏಳು ವರ್ಷದ ಶಿಕ್ಷೆ ಇರುವುದರಿಂದ ಇದು ಘೋರ ಅಪರಾಧ. ಕೆಲವು ವಾರಗಳ ನಂತರ ಶಾಂತವಾದ ಕೊಠಡಿಯಲ್ಲಿ ಕೂರಿಸಿ, ಚಾಕುವಿನಿಂದ ಇರಿದರೆ ಏನಾಗುತ್ತದೆ ಎಂದು ಕೇಳಿದರೆ ಅವನು ಸರಿಯಾಗಿಯೇ ಉತ್ತರಿಸುತ್ತಾನೆ. ಬುದ್ಧಿಮತ್ತೆಯ ಪರೀಕ್ಷೆಯಲ್ಲೂ ಸಾಮಾನ್ಯ ಅಂಕ ಬರುತ್ತದೆ. ಆದ್ದರಿಂದ ಅವನಿಗೆ ‘ಪರಿಣಾಮ ಅರಿಯುವ ಶಕ್ತಿ’ ಇದೆಯೆಂದು ವರದಿಯಾಗುತ್ತದೆ. ಆದರೆ ಇಲ್ಲಿ ಅಳೆದದ್ದು ಹದಿನಾರಕ್ಕೇ ಪಕ್ವವಾಗುವ ಸಾಮರ್ಥ್ಯವನ್ನು. ಆ ರಾತ್ರಿ ಗೆಳೆಯರ ನಡುವೆ ಕೊರತೆಯಾದದ್ದು ಸಂಯಮ, ಅಂದರೆ ತಡವಾಗಿ ಬೆಳೆಯುವ ಸಾಮರ್ಥ್ಯ. ಪರಿಣಾಮದ ಅರಿವೊಂದನ್ನೇ ನೋಡಿದರೆ 16 ದಾಟಿದ ಬಹುತೇಕ ಎಲ್ಲರೂ ವಯಸ್ಕರ ವಿಚಾರಣೆಗೆ ಅರ್ಹರಾಗಿಬಿಡುತ್ತಾರೆ.

ಈ ಬಗೆಯ ಪ್ರಶ್ನೆಯು 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ನಡೆದ ಬಾಲಕನ ಕೊಲೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆರೋಪಿಯು ಅದೇ ಶಾಲೆಯ ಹನ್ನೊಂದನೆಯ ತರಗತಿಯವನು. ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂದು ಮಂಡಳಿ ನಿರ್ಧರಿಸಿತ್ತು. ಹೈಕೋರ್ಟ್ ಹೊಸದಾಗಿ ಮೌಲ್ಯಮಾಪನ ನಡೆಸಲು ಆದೇಶಿಸಿತ್ತು. 2022ರ ಜುಲೈ 13ರಂದು ಸರ್ವೋಚ್ಚ ನ್ಯಾಯಾಲಯವು ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು. ಅಪರಾಧ ಎಸಗುವ ಮಾನಸಿಕ ಸಾಮರ್ಥ್ಯ ಮತ್ತು ಪರಿಣಾಮ ಅರಿಯುವ ಶಕ್ತಿ ಒಂದೇ ಅಲ್ಲವೆಂದು ಅದು ಹೇಳಿತು. ಕಾಯ್ದೆಯ ಪ್ರಕಾರ ಮಂಡಳಿಯು ಮನೋವಿಜ್ಞಾನಿಗಳ ನೆರವನ್ನು ‘ಪಡೆಯಬಹುದು’. ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯಶಾಸ್ತ್ರದ ಪದವಿ ಹೊಂದಿ ವೃತ್ತಿನಿರತರಾದವರು ಮಂಡಳಿಯಲ್ಲಿ ಇಲ್ಲದಿದ್ದಾಗ ಈ ಪದವನ್ನು ‘ಪಡೆಯಲೇಬೇಕು’ ಎಂದು ಓದಬೇಕೆಂದೂ ತೀರ್ಪು ನೀಡಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ಮನೋವೈದ್ಯ ವಿಭಾಗವು ಇಂತಹ ಮೌಲ್ಯಮಾಪನಕ್ಕೆ ಮಾರ್ಗದರ್ಶಿ ನಮೂನೆಯನ್ನು ರೂಪಿಸಿದೆ.

## ವಿಜ್ಞಾನದ ಮಿತಿಗಳು

ಸಂಶೋಧನೆಗಳು ಹೇಳುವುದು ಗುಂಪಿನ ಸರಾಸರಿಯನ್ನು. ಒಬ್ಬ ನಿರ್ದಿಷ್ಟ ಹುಡುಗನ ಮಿದುಳಿನ ಚಿತ್ರ ತೆಗೆದು, ಅವನು ಅಪರಾಧದ ದಿನ ಪಕ್ವನಾಗಿದ್ದನೇ ಎಂದು ಹೇಳುವುದು ಸಾಧ್ಯವಿಲ್ಲ. ಪಕ್ವತೆಗೆ 18 ಎಂಬ ಗಡಿಯೂ ಪ್ರಕೃತಿಯಲ್ಲಿಲ್ಲ, ಅದು ಕಾನೂನು ಎಳೆದ ಗೆರೆ. ಇಪ್ಪತ್ತರ ಯುವಕನ ಮಿದುಳೂ ಬೆಳೆಯುತ್ತಿರುತ್ತದೆ ಎಂಬ ವಾದಕ್ಕೆ ಈ ವಿಜ್ಞಾನವು ಪೂರ್ಣ ಉತ್ತರ ಕೊಡುವುದಿಲ್ಲ. ಅಪಕ್ವತೆಯು ಹೊಣೆಗಾರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಸಂತ್ರಸ್ತರ ಕುಟುಂಬದವರಿಗೆ ಅಪರಾಧಿಯ ವಯಸ್ಸಿನಿಂದ ನಷ್ಟವೇನೂ ಕಡಿಮೆಯಾಗುವುದಿಲ್ಲ ಎಂಬ ಆಕ್ಷೇಪವೂ ಗಟ್ಟಿಯಾದುದೇ.

ಸಮಾಜದ ಸುರಕ್ಷತೆಯ ದೃಷ್ಟಿಯಿಂದಲೂ ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ತಜ್ಞರ ಕಾರ್ಯಪಡೆಯೊಂದು ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ವರದಿ ನೀಡಿತು. ವಯಸ್ಕರ ನ್ಯಾಯಾಲಯಕ್ಕೆ ವರ್ಗಾಯಿಸಲ್ಪಟ್ಟ ಕಿಶೋರರು ಬಾಲನ್ಯಾಯದಲ್ಲೇ ಉಳಿದವರಿಗಿಂತ ಮುಂದೆ ಹಿಂಸೆಯಲ್ಲಿ ತೊಡಗುವ ಪ್ರಮಾಣ ಸಾಮಾನ್ಯವಾಗಿ ಹೆಚ್ಚೆಂದು ಅದು ಕಂಡುಕೊಂಡಿತು. ಈ ಅಧ್ಯಯನಗಳು ಅಮೆರಿಕದವಾದ್ದರಿಂದ, ಬೇರೆ ಕಾಯ್ದೆ ಮತ್ತು ಬೇರೆ ಸಂಸ್ಥೆಗಳಿರುವ ಭಾರತಕ್ಕೆ ಇವುಗಳನ್ನು ಹಾಗೆಯೇ ಅನ್ವಯಿಸಲಾಗದು.