ಇನ್‌ಸ್ಪೆಕ್ಟರಿಂದ ಬಿಷಪ್ಪರವರೆಗೆ

ರೆವಿನ್ಯೂ ಇನ್‌ಸ್ಪೆಕ್ಟರ್‌ಗೆ ನಮ್ಮ ಸರ್ಕಾರಿ ಕನ್ನಡದಲ್ಲಿ 'ಕಂದಾಯ ನಿರೀಕ್ಷಕ' ಎನ್ನುತ್ತಾರೆ. ಎರಡು ಪದಗಳ ಹೊಲಿಗೆ ಬಿಚ್ಚಿದರೆ ಒಳಗಿನ ಕಟ್ಟು ಹೆಚ್ಚುಕಡಿಮೆ ಒಂದೇ. ಇನ್‌ಸ್ಪೆಕ್ಟರ್‌ನಲ್ಲಿ 'ಇನ್' ಎಂದರೆ ಒಳಗೆ, 'ಸ್ಪೆಕ್ಟ್' ಎಂದರೆ ನೋಡು, 'ಅರ್' ಎಂದರೆ ಆ ಕೆಲಸ ಮಾಡುವವರು. ನಿರೀಕ್ಷಕದಲ್ಲಿ 'ನಿರ್' ಉಪಸರ್ಗ, 'ಈಕ್ಷ್' ಎಂದರೆ ನೋಡು, 'ಅಕ' ಎಂದರೆ ಮಾಡುವವರು. ಎಂಟು, ಒಂಬತ್ತನೇ ತರಗತಿಯ ಹುಡುಗರಿಗೆ ಇಂಗ್ಲಿಷ್ ಪದಗಳನ್ನು ಬಿಡಿಸುವುದು ಹೇಗೆಂದು ಹೇಳಿಕೊಡಲು ನನಗೆ ಈ ಜೋಡಿಗಿಂತ ಒಳ್ಳೆಯ ಬಾಗಿಲು ಕಂಡಿಲ್ಲ. ನಿರೀಕ್ಷೆ, ಪರೀಕ್ಷೆ, ಸಮೀಕ್ಷೆ, ಉಪೇಕ್ಷೆ, ಅಪೇಕ್ಷೆ ಇವೆಲ್ಲ ಒಂದೇ 'ಈಕ್ಷ್' ಧಾತುವಿನ ಮಕ್ಕಳೆಂದು ಕನ್ನಡ ಮೇಷ್ಟ್ರು ಮೊದಲೇ ಹೇಳಿರುತ್ತಾರೆ. ಇಂಗ್ಲಿಷಿನ ಪೀರಿಯಡ್ಡಿನಲ್ಲಿ ಅದನ್ನು ನೆನಪಿಸಿದರೆ ಅರ್ಧ ಕೆಲಸ ಮುಗಿಯಿತು.

ಇಂಗ್ಲಿಷಿನ 'ಸ್ಪೆಕ್ಟ್' ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ 'ಸ್ಪೆಕೆರೆ' ಎಂದರೆ ನೋಡು. ಹಿಂದೆ ತಿರುಗಿ ನೋಡಿದರೆ ರೆಸ್ಪೆಕ್ಟ್, ಕೆಳಗಿನಿಂದ ಓರೆಗಣ್ಣಲ್ಲಿ ನೋಡಿದರೆ ಸಸ್ಪೆಕ್ಟ್, ಮುಂದಕ್ಕೆ ನೋಡಿದರೆ ಪ್ರಾಸ್ಪೆಕ್ಟ್, ತನ್ನೊಳಗೇ ನೋಡಿಕೊಂಡರೆ ಇಂಟ್ರೊಸ್ಪೆಕ್ಷನ್. 'ಎಕ್ಸ್‌ಪೆಕ್ಟ್' ಮಾತ್ರ ಮಕ್ಕಳ ಕೈಗೆ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ 'ಸ್ಪೆಕ್ಟ್' ಕಾಣಿಸುವುದೇ ಇಲ್ಲ. ಕನ್ನಡ ಲಿಪಿಯಲ್ಲಿ ಬರೆದು ನೋಡಿದರೆ ಗುಟ್ಟು ಬಯಲಾಗುತ್ತದೆ. 'ಎಕ್ಸ್' ಮುಗಿಯುವುದು ಸಕಾರದಲ್ಲಿ, 'ಸ್ಪೆಕ್ಟ್' ಶುರುವಾಗುವುದೂ ಸಕಾರದಲ್ಲಿ, ಎರಡು ಸೇರಿದಾಗ ಒಂದು ಲೋಪವಾಗಿದೆ. ಹೊರಗೆ ಇಣುಕಿ ದಾರಿ ನೋಡುವುದೇ ಎಕ್ಸ್‌ಪೆಕ್ಟ್. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತೇವೆ? ನಿರೀಕ್ಷಿಸು. ಮತ್ತೆ ಅದೇ ಈಕ್ಷ್!

ಈ ಧಾತುವಿಗೆ ಇನ್ನೊಂದು ವೇಷವಿದೆ. ಲ್ಯಾಟಿನ್ನಿನಲ್ಲಿ ಉಪಸರ್ಗ ಅಂಟಿದಾಗ ಧಾತುವಿನ ಒಳಗಿನ ಎಕಾರ ಎಷ್ಟೋ ಸಲ ಇಕಾರವಾಗುತ್ತದೆ. ಹಾಗಾಗಿ 'ಸ್ಪೆಕ್' ಹೋಗಿ 'ಸ್ಪಿಕ್' ಆಗುತ್ತದೆ. ಎಲ್ಲರ ಕಣ್ಣಿಗೆ ಬೀಳುವಂಥದ್ದು ಕನ್‌ಸ್ಪಿಕ್ಯುಅಸ್, ಸಂಶಯಕ್ಕೆ ಎಡೆಮಾಡುವಂಥದ್ದು ಸಸ್ಪಿಷಸ್. ಈ ಒಂದು ಸಂಗತಿ ಹೇಳದೆ ಬರೀ 'ಸ್ಪೆಕ್ಟ್' ಎಂದಷ್ಟೇ ಕಲಿಸಿದರೆ ಸಸ್ಪೆಕ್ಟ್ ಗೊತ್ತಿರುವ ಹುಡುಗಿಗೂ ಸಸ್ಪಿಷಸ್ ಹೊಸ ಪದವಾಗಿಯೇ ಕಾಣುತ್ತದೆ.

ಈಗ ಓದಿನಲ್ಲಿ ಎದುರಾಗುವ ಅಪರಿಚಿತ ಪದವೊಂದನ್ನು ತೆಗೆದುಕೊಳ್ಳೋಣ. ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರಿಸುವಾಗ ಮಂತ್ರಿ ಬಹಳ 'ಸರ್ಕಮ್‌ಸ್ಪೆಕ್ಟ್' ಆಗಿದ್ದರು ಎಂಬ ಇಂಗ್ಲಿಷ್ ವಾಕ್ಯವಿದೆ ಎನ್ನಿ. ಬಾಲದಲ್ಲಿ ಪ್ರತ್ಯಯವೇನೂ ಇಲ್ಲ, ತಲೆಯಲ್ಲಿ 'ಸರ್ಕಮ್' ಇದೆ. ಅದನ್ನು ಗಣಿತದಲ್ಲಿ ನೋಡಿದ್ದೇವೆ: ವೃತ್ತದ ಸರ್ಕಮ್‌ಫರೆನ್ಸ್, ನಮ್ಮ ಪರಿಧಿ. ಸರ್ಕಮ್ ಎಂದರೆ ಸುತ್ತ, ನಮ್ಮ 'ಪರಿ'ಯೂ ಅದೇ. ಹಾಗಾದರೆ ಸರ್ಕಮ್‌ಸ್ಪೆಕ್ಟ್ ಎಂದರೆ ಸುತ್ತ ನೋಡುವುದು; ಕನ್ನಡದ ಬಿಡಿಭಾಗಗಳಲ್ಲಿ ಕಟ್ಟಿದರೆ ಪರಿ, ಈಕ್ಷೆ, ಪರೀಕ್ಷೆ. ಮಂತ್ರಿ ಪರೀಕ್ಷೆಯಾಗಿದ್ದರೇ? ಅರ್ಥ ಹೊಂದುವುದಿಲ್ಲ. ಇಲ್ಲಿ ಬಿಡಿಭಾಗಗಳನ್ನು ಬದಿಗಿಟ್ಟು ವಾಕ್ಯದ ಕಡೆ ನೋಡಬೇಕು. ಪತ್ರಕರ್ತರ ಮುಂದೆ ಕೂತ ರಾಜಕಾರಣಿ ಸುತ್ತಮುತ್ತ ನೋಡಿಕೊಂಡು ಹೇಗೆ ಮಾತಾಡುತ್ತಾನೆ? ಅಳೆದು ತೂಗಿ, ಹುಷಾರಾಗಿ. ಅದೇ ಅರ್ಥ. ಸುತ್ತ ನೋಡುವುದು ಎಂಬ ಒಂದೇ ಕಲ್ಪನೆಯಿಂದ ಹೊರಟು ಸಂಸ್ಕೃತ 'ಒರೆಹಚ್ಚು'ವಿಗೆ ಹೋಯಿತು, ಲ್ಯಾಟಿನ್ 'ಎಚ್ಚರ'ಕ್ಕೆ ಹೋಯಿತು. ಧಾತು, ಉಪಸರ್ಗಗಳು ಹೇಳುವುದು ಪದ ಎತ್ತ ಮುಖ ಮಾಡಿ ಹೊರಟಿತು ಎಂಬುದನ್ನು. ಎಲ್ಲಿ ಹೋಗಿ ನಿಂತಿತು ಎನ್ನುವುದಕ್ಕೆ ವಾಕ್ಯವೂ ಬೇಕು, ಕೊನೆಗೆ ನಿಘಂಟೂ ಬೇಕು. ಊಹಿಸಿ ಆಮೇಲೆ ನಿಘಂಟು ತೆರೆದ ಪದ ಮರೆಯುವುದು ಕಡಿಮೆ ಎಂಬುದು ನನ್ನ ಅನುಭವ.

ಉಪಸರ್ಗಗಳಲ್ಲಿ ಹೆಚ್ಚು ಎಡವಿಸುವುದು ಈ 'ಇನ್'. ಇನ್‌ಕರೆಕ್ಟ್, ಇನ್‌ವಿಸಿಬಲ್ ಎಂದಾಗ ಅದು 'ಅಲ್ಲ', 'ಇಲ್ಲ' ಎನ್ನುತ್ತದೆ. ಇನ್‌ಸ್ಪೆಕ್ಟ್, ಇನ್‌ವೇಡ್ ಎಂದಾಗ 'ಒಳಗೆ' ಎನ್ನುತ್ತದೆ. ಇವು ಹುಟ್ಟಿನಲ್ಲೇ ಬೇರೆ ಬೇರೆ. ಮೊದಲನೆಯದು ನಮ್ಮ 'ಅನುಚಿತ'ದ 'ಅನ್'ಗೆ ಬಂಧು. ಗುಣವಾಚಕದ ಮುಂದಿದ್ದರೆ ಸಾಮಾನ್ಯವಾಗಿ ನಿಷೇಧ, ಕ್ರಿಯಾಪದದ ಮುಂದಿದ್ದರೆ ಒಳಗೆ ಎಂದು ಒಂದು ಲೆಕ್ಕ ಇಟ್ಟುಕೊಳ್ಳಬಹುದು. ಆದರೆ ಪೆಟ್ರೋಲ್ ಟ್ಯಾಂಕರಿನ ಬೆನ್ನ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ 'ಇನ್‌ಫ್ಲೇಮಬಲ್' ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದು ಬಂದದ್ದು 'ಉರಿಹೊತ್ತಿಸು' ಎಂಬ ಕ್ರಿಯಾಪದದಿಂದ. ಬೆಂಕಿ ಹತ್ತುವುದಿಲ್ಲ ಎಂದು ಓದಿಕೊಂಡರೆ ಕೆಟ್ಟಿತು.

ಪ್ರತ್ಯಯಗಳ ಕೆಲಸ ಬೇರೆ. ಅವು ಪದದ ಜಾತಿ ಬದಲಿಸುತ್ತವೆ, ಜೊತೆಗೆ ಸಂಬಂಧವನ್ನೂ ತಿರುಗಿಸುತ್ತವೆ. ರೆಸ್ಪೆಕ್ಟ್‌ಗೆ 'ಅಬಲ್' ಹಚ್ಚಿದರೆ ಗೌರವಕ್ಕೆ ತಕ್ಕವರು, 'ಫುಲ್' ಹಚ್ಚಿದರೆ ಗೌರವ ತೋರಿಸುವವರು. ಒಬ್ಬರು ಪಡೆಯುವವರು, ಇನ್ನೊಬ್ಬರು ಕೊಡುವವರು. ಮೂರನೆಯದು ರೆಸ್ಪೆಕ್ಟಿವ್, ಅದರಲ್ಲಿ ಗೌರವದ ಸುಳಿವೇ ಇಲ್ಲ. 'ಅವರವರ' ಎಂದಷ್ಟೇ ಅರ್ಥ. ಇದು ಹೇಗಾಯಿತು? ರೆಸ್ಪೆಕ್ಟ್‌ನ ಹಳೆಯ ಅರ್ಥ ಬರೀ 'ಒಂದರ ಕಡೆ ನೋಡುವುದು'. 'ಇನ್ ರೆಸ್ಪೆಕ್ಟ್ ಆಫ್' ಎಂಬ ಕಚೇರಿ ಇಂಗ್ಲಿಷಿನಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ಗೌರವ ಆಮೇಲೆ ಸೇರಿದ್ದು: ದೊಡ್ಡವರು ದಾಟಿಹೋದಾಗ ಮತ್ತೊಮ್ಮೆ ತಿರುಗಿ ನೋಡುತ್ತೇವಲ್ಲ. ರೆಸ್ಪೆಕ್ಟಿವ್ ಹಳೆಯ ಅರ್ಥಕ್ಕೇ ಅಂಟಿಕೊಂಡಿತು. ಇದು ಗೊತ್ತಿಲ್ಲದ ಹುಡುಗರು ಹೆಡ್‌ಮಾಸ್ಟರಿಗೆ ಬರೆದ ರಜೆ ಚೀಟಿಯ ಕೊನೆಯಲ್ಲಿ 'ಯುವರ್ಸ್ ರೆಸ್ಪೆಕ್ಟಿವ್‌ಲಿ' ಎಂದು ಸಹಿ ಹಾಕುತ್ತಾರೆ. ವಿನಯಪೂರ್ವಕ ಎಂದಾಗಬೇಕಾದದ್ದು ಕ್ರಮವಾಗಿ ಎಂದಾಗುತ್ತದೆ.

ಇಷ್ಟು ಹೊತ್ತು ಈಕ್ಷ್ ಧಾತುವನ್ನು ಸ್ಪೆಕ್ಟ್‌ನ ಪಕ್ಕ ಕೂರಿಸಿಕೊಂಡು ಬಂದೆ. ಆದರೆ ಇವುಗಳ ನಡುವೆ ಇರುವುದು ಕೆಲಸದ ಹೋಲಿಕೆ, ರಕ್ತಸಂಬಂಧವಲ್ಲ. ಸ್ಪೆಕ್ಟ್‌ನ ನಿಜವಾದ ದಾಯಾದಿ ಸಂಸ್ಕೃತದ 'ಸ್ಪಶ್', ಅದರ ಅರ್ಥವೂ ನೋಡು. ಅದರಿಂದ ಬಂದ ಒಂದು ಪದ ಕನ್ನಡದಲ್ಲಿ ದಿನಬೆಳಗಾದರೆ ಬಳಕೆಯಾಗುತ್ತದೆ: ಸ್ಪಷ್ಟ. ಕಣ್ಣಿಗೆ ಚೆನ್ನಾಗಿ ಕಂಡದ್ದೇ ಸ್ಪಷ್ಟ. ಇಂಗ್ಲಿಷಿನ 'ಸ್ಪೈ', ಎಂದರೆ ಗೂಢಚಾರ, ಇದೇ ಮೂಲದಿಂದ ಜರ್ಮನಿಕ್ ಭಾಷೆಗಳ ದಾರಿ ಹಿಡಿದು ಬಂದವನು.

ಕೆಲವು ಪದಗಳಲ್ಲಿ ಮಾತ್ರ ಎಷ್ಟು ಸುಲಿದರೂ ಧಾತು ಸಿಗುವುದಿಲ್ಲ. ಲ್ಯಾಟಿನ್ನಿನ 'ಸ್ಪೀಷೀಸ್' ಎಂದರೆ ಮೊದಲು ನೋಟ, ರೂಪ, ಆಮೇಲೆ ಬಗೆ, ಕೊನೆಕೊನೆಗೆ ಬಗೆಬಗೆಯ ಸರಕು. ಹಳೆಯ ಫ್ರೆಂಚಿನಲ್ಲಿ ಸವೆದು ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು 'ಸ್ಪೈಸ್' ಆಗಿತ್ತು, ಮೆಣಸು ಏಲಕ್ಕಿಗಳ ಹೆಸರಾಗಿತ್ತು. ಇತ್ತ ಗ್ರೀಕರ ಬಾಯಲ್ಲಿ ಧಾತುವಿನ ಪಕಾರ ಕಕಾರಗಳು ಜಾಗ ಬದಲಿಸಿಕೊಂಡು 'ಸ್ಕೆಪ್', 'ಸ್ಕೋಪ್' ಆದವು. 1611ರಲ್ಲಿ ರೋಮಿನಲ್ಲಿ ಗೆಲಿಲಿಯೊನ ದುರ್ಬೀನಿಗೆ ಟೆಲಿಸ್ಕೋಪ್ ಎಂದು ಹೆಸರಿಟ್ಟಾಗ ಬಳಸಿದ್ದು ಇದನ್ನೇ: ಟೆಲಿ ಎಂದರೆ ದೂರ, ಸ್ಕೋಪ್ ಎಂದರೆ ನೋಟ. ಅದಕ್ಕೂ ಬಹಳ ಹಿಂದೆ ಗ್ರೀಕಿನಲ್ಲಿ 'ಎಪಿ' ಸೇರಿಸಿ 'ಎಪಿಸ್ಕೊಪೊಸ್' ಎಂಬ ಪದವಿತ್ತು, ಮೇಲಿನಿಂದ ನೋಡಿಕೊಳ್ಳುವವನು ಎಂದು. ಅದು ಲ್ಯಾಟಿನ್ನಿನಲ್ಲಿ ಎಪಿಸ್ಕೊಪುಸ್ ಆಗಿ, ಹಳೆಯ ಇಂಗ್ಲಿಷಿನಲ್ಲಿ ತಲೆ ಬಾಲ ಎರಡನ್ನೂ ಕಳೆದುಕೊಂಡು, ಈಗ ಬಿಷಪ್ ಆಗಿ ಉಳಿದಿದೆ. ಹುದ್ದೆ ಚರ್ಚಿನದಾದರೂ ಪದದ ಲೆಕ್ಕದಲ್ಲಿ ಅವರೂ ಒಬ್ಬ ನಿರೀಕ್ಷಕರೇ.