ಗ್ರೂಪ್ ಫೋಟೋದಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರಲ್ಲ, ಏಕೆ? 30 ಜನರಿಗೆ ಎಷ್ಟು ಫೋಟೋ ಬೇಕು?

"ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ, ಮೂರು ಎಂದ ತಕ್ಷಣ ತೆರೆಯಿರಿ. ಫೋಟೋದಲ್ಲಿ ಒಬ್ಬರ ಕಣ್ಣೂ ಮುಚ್ಚಿರುವುದಿಲ್ಲ." ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇಂಥ ಸಲಹೆಯನ್ನು ನೀವೂ ನೋಡಿರಬಹುದು. ಇದು ನಿಜವೇ?

ಲೆಕ್ಕ ಏನು ಹೇಳುತ್ತದೆ?

ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಟ್ಟವರು ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್. ಮೊದಲು ನಗಿಸಿ, ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2006ರಲ್ಲಿ ಅವರಿಗೆ ಬಂತು.

ಫೋಟೋಗೆ ನಿಂತವರು ನಿಮಿಷಕ್ಕೆ ಸುಮಾರು 10 ಸಲ ರೆಪ್ಪೆ ಬಡಿಯುತ್ತಾರೆ. ಪ್ರತಿ ಸಲ ಕಣ್ಣು ಸುಮಾರು ಕಾಲು ಸೆಕೆಂಡ್ ಮುಚ್ಚಿರುತ್ತದೆ. ಅಂದರೆ 60 ಸೆಕೆಂಡಿನಲ್ಲಿ ಎರಡೂವರೆ ಸೆಕೆಂಡ್. ಯಾವುದೇ ಒಂದು ಕ್ಷಣದಲ್ಲಿ ಸರಾಸರಿ 24 ಜನರಲ್ಲಿ ಒಬ್ಬರ ಕಣ್ಣು ಮುಚ್ಚಿರುತ್ತದೆ ಎಂದಾಯಿತು. ನಿಮ್ಮ ಮನೆಯ ಗೃಹಪ್ರವೇಶಕ್ಕೆ 30 ನೆಂಟರು ಸೇರಿದ್ದರೆ, ಒಂದೇ ಕ್ಲಿಕ್‌ನಲ್ಲಿ ಎಲ್ಲರ ಕಣ್ಣೂ ತೆರೆದಿರುವ ಸಾಧ್ಯತೆ ಶೇ. 28 ಮಾತ್ರ. 10 ಫೋಟೋ ತೆಗೆದರೆ, ಅವುಗಳಲ್ಲಿ ಒಂದಾದರೂ ಚೆನ್ನಾಗಿ ಬರುವ ಸಾಧ್ಯತೆ ಶೇ. 96ಕ್ಕೆ ಏರುತ್ತದೆ.

20ಕ್ಕಿಂತ ಕಡಿಮೆ ಜನರಿದ್ದರೆ ಅವರು ಕೊಟ್ಟ ಸೂತ್ರ ಸುಲಭ. ಒಳ್ಳೆಯ ಬೆಳಕಿದ್ದರೆ ಜನರ ಸಂಖ್ಯೆಯನ್ನು 3ರಿಂದ ಭಾಗಿಸಿ, ಬೆಳಕು ಕಡಿಮೆಯಿದ್ದರೆ 2ರಿಂದ. 12 ಜನರಿಗೆ ಹಗಲಿನಲ್ಲಿ 4 ಫೋಟೋ, ಮಬ್ಬು ಬೆಳಕಿನಲ್ಲಿ 6.

ಬರ್ಸ್ಟ್ ಒಂದೇ ಸಾಕೇ?

ಒಂದು ಸೆಕೆಂಡಿನಲ್ಲಿ 10 ಫೋಟೋ ತೆಗೆಯುವ ಬರ್ಸ್ಟ್ ಸೌಲಭ್ಯ ಹಲವು ಫೋನ್‌ಗಳಲ್ಲಿದೆ. ಆದರೆ ಒಬ್ಬರ ಕಣ್ಣು ಕಾಲು ಸೆಕೆಂಡ್ ಮುಚ್ಚಿದರೆ, ಸಾಲಾಗಿ ಎರಡು ಮೂರು ಫೋಟೋಗಳಲ್ಲೂ ಅದು ಮುಚ್ಚಿಯೇ ಇರುತ್ತದೆ. ಆದ್ದರಿಂದ ಬರ್ಸ್ಟ್‌ನ 10 ಫೋಟೋ, ಬಿಡಿಬಿಡಿಯಾಗಿ ತೆಗೆದ 10 ಫೋಟೋಗಳಿಗೆ ಸಮವಲ್ಲ. ಟೈಮರ್ ಇಟ್ಟು ಮೂರ್ನಾಲ್ಕು ಸುತ್ತು ಬರ್ಸ್ಟ್ ತೆಗೆಯುವುದು ಒಳ್ಳೆಯದು.

ಫ್ಲ್ಯಾಶ್ ಬೇಡ. ಕೆಲವು ಫೋನ್‌ಗಳಲ್ಲಿ ಫೋಟೋಗೆ ಮುಂಚೆಯೇ ಒಮ್ಮೆ ಬೆಳಕು ಮಿನುಗುತ್ತದೆ, ಅದಕ್ಕೇ ಕಣ್ಣು ಮುಚ್ಚಿಬಿಡುತ್ತದೆ. ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರೂ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಮನೆಯ ನೆರಳು ಬೀಳುವ ಕಡೆ ನಿಲ್ಲಿಸಿ.

30 ಜನರನ್ನು ನಿಲ್ಲಿಸುವುದು ಹೇಗೆ?

ಎಂಟು ಕುರ್ಚಿಗಳನ್ನು ಸಾಲಾಗಿ ಹಾಕಿ. ಎರಡೂ ತುದಿಯ ಕುರ್ಚಿಗಳು ಸ್ವಲ್ಪ ಮುಂದಕ್ಕೆ ಬಾಗಿರಲಿ, ಆಗ ಎಲ್ಲರೂ ಕ್ಯಾಮೆರಾಗೆ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತಾರೆ. ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ ಕುರ್ಚಿಯಲ್ಲಿ ಕೂರಲಿ. ಅವರ ಮುಂದೆ ಜಮಖಾನೆಯ ಮೇಲೆ ಏಳು ಮಕ್ಕಳು, ಕುರ್ಚಿಗಳ ಹಿಂದೆ ಎಂಟು ಜನ. ಎತ್ತರದ ಏಳು ಜನ ಅವರ ಹಿಂದೆ ಮೆಟ್ಟಿಲ ಮೇಲೆ, ಮುಂದಿನವರ ತಲೆಗಳ ನಡುವಿನ ಸಂದಿಯಲ್ಲಿ ನಿಲ್ಲಲಿ. ಎಲ್ಲರಿಗೂ ಒಂದೇ ಮಾತು ಹೇಳಿ: "ನಿಮ್ಮ ಎರಡೂ ಕಣ್ಣಿಗೆ ಫೋನ್ ಕಾಣದಿದ್ದರೆ, ಫೋನಿಗೂ ನಿಮ್ಮ ಮುಖ ಕಾಣುವುದಿಲ್ಲ."

ಈ ಸಾಲಿನ ಅಗಲ ಸುಮಾರು ನಾಲ್ಕೂವರೆ ಮೀಟರ್. ಫೋನನ್ನು ಅಡ್ಡಲಾಗಿ, ನಾಲ್ಕೂವರೆಯಿಂದ ಐದು ಮೀಟರ್ ದೂರದಲ್ಲಿ, ನಿಂತವರ ಕಣ್ಣಿನ ಎತ್ತರಕ್ಕೆ ಇಡಿ. ಕೆಳಗಿಟ್ಟರೆ ಹಿಂದಿನ ಸಾಲು ಮರೆಯಾಗುತ್ತದೆ. ಜಾಗ ಸಾಲದೆಂದು 0.5x ಒತ್ತಿದರೆ ತುದಿಯಲ್ಲಿರುವವರ ಮುಖ ಎಳೆದಂತೆ ಅಗಲವಾಗುತ್ತದೆ.

ಟೈಮರ್ ಇಟ್ಟಾಗ

ಟೈಮರ್ 3 ಸೆಕೆಂಡಿಗೆ ಬೇಡ, 10ಕ್ಕೆ ಇಡಿ. ಒತ್ತುವವರಿಗೆ ಸಾಲಿನ ತುದಿಯಲ್ಲಿ ಜಾಗ ಬಿಟ್ಟಿರಿ. ನಡುವೆ ನುಗ್ಗಬೇಕಾದರೆ ಎಲ್ಲರೂ ಅವರನ್ನೇ ನೋಡುತ್ತಾರೆ. ನಡುವೆ ನಿಂತ ಒಬ್ಬರು ಗಟ್ಟಿಯಾಗಿ ಎಣಿಸಲಿ. ಏಳಕ್ಕೆ ಎಲ್ಲರೂ ಕಣ್ಣು ಮುಚ್ಚಲಿ, ಎಂಟಕ್ಕೆ ತೆರೆಯಲಿ.

ಮುಗಿದ ಮೇಲೆ ಯಾರನ್ನೂ ಕದಲಲು ಬಿಡಬೇಡಿ. ಫೋಟೋವನ್ನು ಜೂಮ್ ಮಾಡಿ, ಒಂದೊಂದೇ ಸಾಲಿನ ಕಣ್ಣುಗಳನ್ನು ನೋಡಿ. ಚಿಕ್ಕ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಜ್ಜಿಯ ಕಣ್ಣು ಮುಚ್ಚಿದ್ದು ಗೊತ್ತಾಗುವುದು ಎಲ್ಲರೂ ಊರಿಗೆ ಹೋದ ಮೇಲೆ, ಪ್ರಿಂಟ್ ಹಾಕಿಸುವಾಗ. ಬಹಳ ಹೊತ್ತು ಕೂರಲಾಗದ ಹಿರಿಯರಿದ್ದರೆ ಉಳಿದವರನ್ನೆಲ್ಲ ನಿಲ್ಲಿಸಿ, ಅವರನ್ನು ಕೊನೆಗೆ ಕರೆತನ್ನಿ.

ಹಾಗಾದರೆ ಆ ಸಲಹೆ?

ಅರ್ಧ ನಿಜ. ಒಮ್ಮೆ ರೆಪ್ಪೆ ಬಡಿದವರು ಸಾಮಾನ್ಯವಾಗಿ ತಕ್ಷಣ ಮತ್ತೆ ಬಡಿಯುವುದಿಲ್ಲ, ಹಾಗಾಗಿ ಉಪಾಯ ನೆರವಾಗುತ್ತದೆ. ಆದರೆ ತೆರೆದ ತಕ್ಷಣ ಕ್ಲಿಕ್ಕಿಸಿದರೆ ತಡವಾಗಿ ತೆರೆದವರು ಅರೆಗಣ್ಣಿನಲ್ಲಿ ಸಿಕ್ಕಿಬೀಳುತ್ತಾರೆ, ಅದಕ್ಕೇ ಒಂದೆರಡು ಸೆಕೆಂಡ್ ಬಿಡುವು ಬೇಕು. "ಒಬ್ಬರ ಕಣ್ಣೂ ಮುಚ್ಚಿರುವುದಿಲ್ಲ" ಎಂಬ ಖಾತರಿ ಮಾತ್ರ ಸುಳ್ಳು. ಆ ಖಾತರಿಯ ಹತ್ತಿರಕ್ಕೆ ಕೊಂಡೊಯ್ಯುವುದು ಫೋಟೋಗಳ ಸಂಖ್ಯೆಯೇ.